ಮಧ್ಯಾಹ್ನದ ಬಿಸಿಲು, ಬೆಳಗಿನ ಸ್ನಾನ

ಬೆಂಗಳೂರಿನಲ್ಲಿ ಮನೆ ಕಟ್ಟಿಸುವವರಿಗೆ ಪ್ಲಂಬಿಂಗ್ ಕೆಲಸ ಶುರುವಾಗುವ ವಾರದಲ್ಲಿ ಒಂದು ಚರ್ಚೆ ಬಂದೇ ಬರುತ್ತದೆ. ಬಚ್ಚಲಿಗೆ ಗೀಸರ್ ಸಾಕೋ, ತಾರಸಿ ಮೇಲೆ ಸೋಲಾರ್ ಹಾಕಿಸಬೇಕೋ, ಅಥವಾ ಈಚೆಗೆ ಎಲ್ಲರೂ ಹೇಳುತ್ತಿರುವ ಹೀಟ್ ಪಂಪ್ ತರಬೇಕೋ? ಗೀಸರ್ ಮಾರುವವನು ಸ್ಟಾರ್ ತೋರಿಸುತ್ತಾನೆ, ಸೋಲಾರ್‌ನವನು ‘ಬಿಸಿಲು ಪುಕ್ಕಟೆ ಸಾರ್’ ಅನ್ನುತ್ತಾನೆ, ಹೀಟ್ ಪಂಪ್‌ನವನು ಒಂದಕ್ಕೆ ಮೂರು ಪಾಲು ಬಿಸಿ ಅನ್ನುತ್ತಾನೆ. ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಬಿಸಿನೀರು, ಯಾವ ಹೊತ್ತಿಗೆ, ಎಷ್ಟು ಉದ್ದದ ಪೈಪಿನ ಆ ಕಡೆ ಬೇಕು ಎಂದು ಮೂವರೂ ಕೇಳುವುದಿಲ್ಲ. ಬಿಲ್ಲು ನಿಂತಿರುವುದು ಅದರ ಮೇಲೆ.

ಮೊದಲು ಆ ಲೆಕ್ಕ ಮಾಡಿಬಿಡೋಣ. ವಿಜಯನಗರದ ಕಡೆಯ 30/40 ಸೈಟಿನ ಒಂದು ಮನೆ ಎಂದಿಟ್ಟುಕೊಳ್ಳಿ. ಗಂಡ, ಹೆಂಡತಿ, ಇಬ್ಬರು ಮಕ್ಕಳು. ತಲೆಗೆ ಸುಮಾರು 40 ಲೀಟರ್ ಹದವಾದ ನೀರು, ಅಂದರೆ ಎರಡು ಬಕೆಟ್ಟು. ಒಟ್ಟು 160 ಲೀಟರ್. ಡಿಸೆಂಬರ್ ಹೊತ್ತಿಗೆ ಓವರ್‌ಹೆಡ್ ಟ್ಯಾಂಕಿನ ನೀರು ಬೆಳಗ್ಗೆ 20 ಡಿಗ್ರಿ ಆಸುಪಾಸು ಇರುತ್ತದೆ; ಲೆಕ್ಕಕ್ಕೆ 22 ಎಂದು ಹಿಡಿಯೋಣ. ಮೈಗೆ ಹಿತವಾಗಲು 40 ಡಿಗ್ರಿ ಬೇಕು. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಒಂದು ಕಿಲೋಕ್ಯಾಲರಿ ಶಾಖ ಬೇಕು; ಒಂದು ಯೂನಿಟ್ ಕರೆಂಟಿನಲ್ಲಿ 860 ಕಿಲೋಕ್ಯಾಲರಿ ಇದೆ. 160 ಲೀಟರನ್ನು 18 ಡಿಗ್ರಿ ಏರಿಸಲು 2,880 ಕಿಲೋಕ್ಯಾಲರಿ, ಅಂದರೆ 3.35 ಯೂನಿಟ್. ಪೈಪಿನಲ್ಲಿ, ಟ್ಯಾಂಕಿನಲ್ಲಿ ಸೋರಿ ಹೋಗುವ ಬಿಸಿ ಸೇರಿಸಿದರೆ ದಿನಕ್ಕೆ 4 ಯೂನಿಟ್. ತಿಂಗಳಿಗೆ 120. ಸೆಸ್ಸು, ತೆರಿಗೆ ಎಲ್ಲ ಸೇರಿಸಿ ಯೂನಿಟ್ಟಿಗೆ 7 ರೂಪಾಯಿ ಎಂದರೆ 840 ರೂಪಾಯಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ, ಮಕ್ಕಳು ತಣ್ಣೀರಿಗೇ ನಿಲ್ಲುತ್ತಾರೆ. ಹಾಗಾಗಿ ವರ್ಷಕ್ಕೆ 1,200 ಯೂನಿಟ್, 8,400 ರೂಪಾಯಿ ಎಂದರೆ ಹೆಚ್ಚುಕಡಿಮೆ ಸರಿ. ಮುಂದೆ ಯಾವ ಯಂತ್ರದ ಬಗ್ಗೆ ಮಾತಾಡಿದರೂ ಈ 8,400 ರೂಪಾಯಿಯಲ್ಲಿ ಎಷ್ಟು ಉಳಿಯುತ್ತದೆ ಎಂಬುದೇ ಪ್ರಶ್ನೆ. ಇದಕ್ಕಿಂತ ಹೆಚ್ಚು ಯಾವ ಯಂತ್ರವೂ ಉಳಿಸಲಾರದು.

ಗೀಸರಿನ ಮೇಲೆ ಒಂದು ಅಪವಾದ ಇದೆ, ಅದು ಕರೆಂಟು ಪೋಲು ಮಾಡುತ್ತದೆ ಎಂದು. ನಿಜ ಹೇಳಬೇಕೆಂದರೆ ಕಾಯಿಲ್ ಪೂರ್ತಿ ನೀರಿನೊಳಗೇ ಮುಳುಗಿರುವುದರಿಂದ ಹೋದ ಒಂದು ಯೂನಿಟ್ಟೂ ನೀರಿಗೇ ಸೇರುತ್ತದೆ. ಪೋಲಾಗುವುದು ಆಮೇಲೆ, ಕಾಯಿಸಿದ ನೀರನ್ನು ಹಾಗೇ ಇಟ್ಟುಕೊಂಡಾಗ. ಗೀಸರಿನ ಮೈಮೇಲೆ ಅಂಟಿಸಿರುವ ಸ್ಟಾರ್ ಚೀಟಿ ಹೇಳುವುದು ಇದನ್ನೇ: ಕಾದ ನೀರನ್ನು 24 ಗಂಟೆ ಹಾಗೇ ಬಿಟ್ಟರೆ ಎಷ್ಟು ಯೂನಿಟ್ ಶಾಖ ಹೊರಗೆ ಹೋಗುತ್ತದೆ ಎಂಬ ಅಳತೆ ಅದು. ಸ್ನಾನಕ್ಕೆ ಇಪ್ಪತ್ತು ನಿಮಿಷ ಮೊದಲು ಸ್ವಿಚ್ ಹಾಕಿ, ಮುಗಿದ ಮೇಲೆ ಆರಿಸುವ ಮನೆಯಲ್ಲಿ ಐದು ಸ್ಟಾರಿಗೂ ಮೂರು ಸ್ಟಾರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಇಡೀ ದಿನ ಆನ್ ಇಡುವ ಮನೆಗೆ ಮಾತ್ರ ಆ ಸ್ಟಾರು ಬೇಕು.

15 ಲೀಟರ್ ಗೀಸರ್ ಒಬ್ಬರಿಗೂ ಸಾಲದು ಎಂದು ಹೆದರುವವರೂ ಇದ್ದಾರೆ. 60 ಡಿಗ್ರಿಗೆ ಕಾದ 15 ಲೀಟರಿಗೆ 22 ಡಿಗ್ರಿಯ ತಣ್ಣೀರು ಬೆರೆಸಿದರೆ 40 ಡಿಗ್ರಿಯ ನೀರು 31 ಲೀಟರ್ ಸಿಗುತ್ತದೆ. ನೀವು ಬಳಸುತ್ತಿರುವಾಗಲೂ ಕಾಯಿಲ್ ಕೆಲಸ ಮಾಡುತ್ತಿರುತ್ತದೆ, ಆದ್ದರಿಂದ ಎರಡು ಬಕೆಟ್ಟಿಗೆ ತೊಂದರೆ ಇಲ್ಲ. ತೊಂದರೆ ಇರುವುದು ಮೂರು ಲೀಟರಿನ ಇನ್‌ಸ್ಟಂಟ್ ಗೀಸರಿನಲ್ಲಿ. ಅದರ 3 ಕಿಲೋವಾಟ್ ಕಾಯಿಲ್ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ ನೀರನ್ನು 20 ಡಿಗ್ರಿ ಏರಿಸಬಲ್ಲದು, ಅಷ್ಟೇ. ಶವರಿಗೆ ನಿಮಿಷಕ್ಕೆ ಏಳೆಂಟು ಲೀಟರ್ ಬೇಕು. ಅಡುಗೆಮನೆಯ ಸಿಂಕಿಗೆ ಅದು ಸರಿ, ಬಚ್ಚಲಿಗೆ ಅಲ್ಲ.

ಇನ್ನು 2023ರಿಂದ ಈ ಲೆಕ್ಕಕ್ಕೆ ಗೃಹಜ್ಯೋತಿ ಸೇರಿಕೊಂಡಿದೆ. ಹಿಂದಿನ ಬಳಕೆಯ ಸರಾಸರಿಯನ್ನು ನೋಡಿ ಪ್ರತಿ ಮನೆಗೆ ಇಷ್ಟು ಯೂನಿಟ್ ಉಚಿತ ಎಂದು ನಿಗದಿ ಮಾಡಿದ್ದಾರೆ. ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನಮ್ಮ ವಿಜಯನಗರದ ಮನೆಯಲ್ಲಿ ಗೀಸರೇ 120 ಯೂನಿಟ್ ನುಂಗಿದರೆ ಫ್ರಿಜ್ಜು, ಫ್ಯಾನು, ಟಿವಿ, ವಾಷಿಂಗ್ ಮಷೀನು, ಸಂಪಿನ ಮೋಟರು ಎಲ್ಲಕ್ಕೂ ಸೇರಿ ಉಳಿಯುವುದು 80. ಡಿಸೆಂಬರ್, ಜನವರಿಯಲ್ಲಿ ಮೀಟರು 205 ತೋರಿಸಿತು ಎನ್ನಿ. ಆ ಐದು ಯೂನಿಟ್ಟಿಗಾಗಿ 205ಕ್ಕೂ ದುಡ್ಡು ಕಟ್ಟಬೇಕು: ಯೂನಿಟ್ ಲೆಕ್ಕದಲ್ಲೇ 1,400 ರೂಪಾಯಿ ಮೇಲೆ, ನಿಗದಿತ ಶುಲ್ಕ ಬೇರೆ. ಇಂಥ ಅಂಚಿನಲ್ಲಿರುವ ಮನೆಗೆ ಸೋಲಾರ್ ಉಳಿಸುವುದು ಕಾಗದದ ಲೆಕ್ಕಕ್ಕಿಂತ ಹೆಚ್ಚು. ಇದಕ್ಕೆ ತದ್ವಿರುದ್ಧವಾದ ಮಾತೂ ನಿಜವೇ. ಗೀಸರ್ ಹಾಕಿದರೂ ಉಚಿತ ಮಿತಿಯೊಳಗೇ ಉಳಿಯುವ ಇಬ್ಬರ ಮನೆಗೆ ಬಿಸಿನೀರು ಸದ್ಯಕ್ಕೆ ಪುಕ್ಕಟೆ. ಅವರು 40 ಸಾವಿರ ಕೊಟ್ಟು ಸೋಲಾರ್ ಹಾಕಿಸಿದರೆ ಉಳಿತಾಯ ಆಗುವುದು ಸರ್ಕಾರಕ್ಕೆ, ಅವರಿಗಲ್ಲ. ಸೋಲಾರ್ ಮಾರುವವರು ಇದನ್ನು ಹೇಳುವುದಿಲ್ಲ ಎಂದು ಬೇಸರ ಪಡಬೇಕಿಲ್ಲ, ಅದು ಅವರ ಕೆಲಸ ಅಲ್ಲ.

ಬೆಂಗಳೂರಿನ ತಾರಸಿಗಳ ಮೇಲೆ ಇಷ್ಟೊಂದು ಸೋಲಾರ್ ಟ್ಯಾಂಕು ಕಾಣಲು ಬಿಸಿಲಷ್ಟೇ ಕಾರಣ ಅಲ್ಲ. 2007ರಿಂದೀಚೆಗೆ ನಗರದ ಹೊಸ ಮನೆಗಳಿಗೆ ಕರೆಂಟ್ ಸಂಪರ್ಕ ಕೊಡಬೇಕಾದರೆ ಸೋಲಾರ್ ಹೀಟರ್ ಇರಲೇಬೇಕು ಎಂಬ ನಿಯಮ ಬಂತು. ಹಾಗಾಗಿ ಮೀಟರಿಗಾಗಿ ಹಾಕಿಸಿ, ಆಮೇಲೆ ತಿರುಗಿ ನೋಡದೆ ಬಿಟ್ಟ ಟ್ಯಾಂಕುಗಳೂ ಈ ಊರಲ್ಲಿ ಬೇಕಾದಷ್ಟಿವೆ. ‘ಸೋಲಾರ್ ಹಾಕ್ಸಿದೀವಿ, ಆದ್ರೆ ನೀರು ಕಾಯಲ್ಲ’ ಅನ್ನುವ ಮನೆಗಳಲ್ಲಿ ಯಂತ್ರ ಕೆಟ್ಟಿರುವುದು ಕಡಿಮೆ. ಯಾಕೆ ಕಾಯುವುದಿಲ್ಲ ಎಂದು ತಿಳಿಯಬೇಕಾದರೆ ಅದು ಹೇಗೆ ಕಾಯುತ್ತದೆ ಎಂದು ಗೊತ್ತಿರಬೇಕು.

ಸಾಮಾನ್ಯ ಮನೆಯ ಸೋಲಾರ್ ಹೀಟರಿನಲ್ಲಿ ಪಂಪಿಲ್ಲ, ಕರೆಂಟಿಲ್ಲ. ಕೆಳಗಿನ ಗಾಜಿನ ಪ್ಯಾನೆಲ್ಲಿನಲ್ಲೋ ಗಾಜಿನ ಕೊಳವೆಗಳಲ್ಲೋ ಬಿಸಿಯಾದ ನೀರು ಹಗುರಾಗಿ ತಾನೇ ಮೇಲಿನ ಟ್ಯಾಂಕಿಗೆ ಏರುತ್ತದೆ, ಅದರ ಜಾಗಕ್ಕೆ ಟ್ಯಾಂಕಿನ ತಳದ ತಣ್ಣೀರು ಇಳಿಯುತ್ತದೆ. ಬಿಸಿಲು ಇರುವವರೆಗೆ ಈ ಸುತ್ತು ನಡೆಯುತ್ತಿರುತ್ತದೆ. 100 ಲೀಟರಿನ ವ್ಯವಸ್ಥೆಗೆ ಸುಮಾರು ಎರಡು ಚದರ ಮೀಟರ್ ಪ್ಯಾನೆಲ್ ಇರುತ್ತದೆ. ಬೆಂಗಳೂರಿನಲ್ಲಿ ಒಂದು ಚದರ ಮೀಟರಿನ ಮೇಲೆ ದಿನಕ್ಕೆ ಸರಾಸರಿ 5 ಯೂನಿಟ್ಟಿನಷ್ಟು ಬಿಸಿಲು ಬೀಳುತ್ತದೆ. ಎರಡು ಮೀಟರಿಗೆ 10 ಯೂನಿಟ್. ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ನೀರಿಗೆ ಸೇರುತ್ತದೆ. ಅಷ್ಟಾದರೆ 100 ಲೀಟರ್ ನೀರು ಸಂಜೆ ಹೊತ್ತಿಗೆ 55 ಡಿಗ್ರಿ ದಾಟುತ್ತದೆ.

ತೊಡಕು ಇರುವುದು ಹೊತ್ತಿನಲ್ಲಿ. ನೀರು ಕಾಯುವುದು ಮಧ್ಯಾಹ್ನ, ನಾವು ಸ್ನಾನ ಮಾಡುವುದು ಬೆಳಗ್ಗೆ ಏಳಕ್ಕೆ. ನಡುವಿನ ರಾತ್ರಿಯಲ್ಲಿ ಒಳ್ಳೆಯ ಟ್ಯಾಂಕು ಕೂಡ ನಾಲ್ಕೈದು ಡಿಗ್ರಿ ಕಳೆದುಕೊಳ್ಳುತ್ತದೆ. ಬೆಳಗ್ಗೆ 50 ಡಿಗ್ರಿ ಉಳಿದಿದೆ ಎಂದರೆ ನಮ್ಮ ನಾಲ್ವರಿಗೆ ಟ್ಯಾಂಕಿನಿಂದ 103 ಲೀಟರ್ ಬೇಕು, ಉಳಿದದ್ದು ಬೆರೆಸುವ ತಣ್ಣೀರು. 100 ಲೀಟರಿನ ಟ್ಯಾಂಕು ಕೂದಲೆಳೆಯಲ್ಲಿ ಸಾಲದೆ ಹೋಗುತ್ತದೆ. ಅದಕ್ಕೇ ನಾಲ್ವರ ಮನೆಗೆ 150 ಇಲ್ಲವೇ 200 ಲೀಟರ್ ಹಾಕಿಸಿ ಅನ್ನುವುದು. ಅದು ದುರಾಸೆಯ ಮಾತಲ್ಲ.

ಪೈಪಿನ ಕಥೆ ಬೇರೆ. ತಾರಸಿಯಿಂದ ಕೆಳಮನೆಯ ಬಚ್ಚಲಿಗೆ ಮುಕ್ಕಾಲು ಇಂಚಿನ ಪೈಪು 20 ಮೀಟರ್ ಬಂದಿದ್ದರೆ ಅದರೊಳಗೆ ಐದು ಲೀಟರ್ ನೀರು ನಿಂತಿರುತ್ತದೆ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಬರುವುದು ರಾತ್ರಿಯಿಡೀ ತಣ್ಣಗಾದ ಆ ಐದು ಲೀಟರು. ಸ್ನಾನ ಮುಗಿದ ಮೇಲೆ ಮತ್ತೆ ಐದು ಲೀಟರ್ ಬಿಸಿನೀರು ಪೈಪಿನಲ್ಲೇ ಉಳಿದು ಆರುತ್ತದೆ. ಒಬ್ಬರು ಆರಕ್ಕೆ, ಇನ್ನೊಬ್ಬರು ಎಂಟಕ್ಕೆ, ಮತ್ತೊಬ್ಬರು ಹತ್ತಕ್ಕೆ ಎಂದು ಬಿಡಿಬಿಡಿಯಾಗಿ ಸ್ನಾನ ಮಾಡುವ ಮನೆಯಲ್ಲಿ ಪ್ರತಿ ಸಲವೂ ಇದೇ. ಒಬ್ಬರಾದ ಮೇಲೊಬ್ಬರು ಹೋದರೆ ಒಂದೇ ಸಲ. ಪ್ಲಂಬರ್ ಒಂದು ಇಂಚಿನ ಪೈಪು ಹಾಕಿದ್ದರೆ ಐದರ ಜಾಗದಲ್ಲಿ ಎಂಟು ಲೀಟರ್. ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟಿನಲ್ಲಿ ತಾರಸಿಯ ಸೋಲಾರಿನಿಂದ ಕೆಳಗಿನವರಿಗೆ ಬಿಸಿನೀರು ಬರುವಷ್ಟರಲ್ಲಿ ಒಂದು ಬಕೆಟ್ ತುಂಬಿರುತ್ತದೆ. ನೀರಿಗೆ ಟ್ಯಾಂಕರ್ ತರಿಸುವ ತಿಂಗಳಲ್ಲಿ ಅದನ್ನು ಚರಂಡಿಗೆ ಬಿಡುವುದು ಯಾವ ಉಳಿತಾಯ? ಅಂಥ ಕಟ್ಟಡಕ್ಕೆ ಬಿಸಿನೀರನ್ನು ಪೈಪಿನಲ್ಲಿ ಸುತ್ತಿಸುವ ಚಿಕ್ಕ ಪಂಪು ಬೇಕು, ಪೈಪಿಗೆ ಹೊದಿಕೆ ಬೇಕು. ಇಲ್ಲದಿದ್ದರೆ ಸೋಲಾರು ಮೇಲಿನ ಎರಡು ಮಹಡಿಗಷ್ಟೇ.

ಈಗ ನೀರು ಕಾಯದ ಮನೆಗೆ ಬರೋಣ. ಅನುಭವ ಇರುವ ಪ್ಲಂಬರ್ ತಾರಸಿಗೆ ಹತ್ತುವ ಮೊದಲು ಬಚ್ಚಲುಗಳನ್ನೇ ನೋಡುತ್ತಾನೆ. ‘ಅಮ್ಮಾ, ಸೋಲಾರ್ ಕೆಟ್ಟಿಲ್ಲ, ನಿಮ್ ಮಿಕ್ಸರ್ ನಲ್ಲಿ ನೋಡಿ’ ಅನ್ನುತ್ತಾನೆ. ಹ್ಯಾಂಡ್ ಶವರಿನ ತುದಿಯಲ್ಲಿ ಗುಂಡಿ ಒತ್ತಿ ನೀರು ನಿಲ್ಲಿಸಿರುತ್ತಾರೆ, ಆದರೆ ಗೋಡೆಯ ಮಿಕ್ಸರಿನಲ್ಲಿ ಬಿಸಿ ನಲ್ಲಿ, ತಣ್ಣನೆ ನಲ್ಲಿ ಎರಡೂ ತೆರೆದೇ ಇರುತ್ತವೆ. ಆಗ ಮಿಕ್ಸರಿನ ಒಳಗೇ ಎರಡು ಪೈಪುಗಳಿಗೆ ದಾರಿ ಆಗುತ್ತದೆ. ಒತ್ತಡ ಹೆಚ್ಚಿರುವ ಕಡೆಯ ನೀರು ಇನ್ನೊಂದು ಕಡೆಗೆ ನುಗ್ಗುತ್ತದೆ, ಇಡೀ ಮನೆಯ ಬಿಸಿನೀರು ಉಗುರುಬೆಚ್ಚಗಾಗುತ್ತದೆ. ತಣ್ಣೀರಿನ ನಲ್ಲಿಯಲ್ಲಿ ಬೆಚ್ಚನೆ ನೀರು ಬರುತ್ತಿದ್ದರೆ ರೋಗ ಇದೇ. ಪೈಪಿಗೆ ಒಂದು ಎನ್‌ಆರ್‌ವಿ, ಅಂದರೆ ನೀರು ಒಂದೇ ದಿಕ್ಕಿಗೆ ಹೋಗುವಂತೆ ಮಾಡುವ ವಾಲ್ವು, ಹಾಕಿಸಿದರೆ ಮುಗಿಯಿತು.

ನಲ್ಲಿಗಳು ಸರಿ ಇದ್ದರೆ ಆಮೇಲೆ ತಾರಸಿ. ಒಳ್ಳೆಯ ಬಿಸಿಲಿನ ದಿನ ಮಧ್ಯಾಹ್ನ ಎರಡು ಗಂಟೆಗೆ ಪ್ಯಾನೆಲ್ಲಿನ ಮೇಲ್ತುದಿಯಿಂದ ಟ್ಯಾಂಕಿಗೆ ಹೋಗುವ ಪೈಪನ್ನು ಹುಷಾರಾಗಿ ಮುಟ್ಟಿ ನೋಡಬೇಕು. ಪ್ಯಾನೆಲ್ ಕುದಿಯುವಷ್ಟು ಬಿಸಿ, ಟ್ಯಾಂಕಿನ ನೀರು ಮಾತ್ರ ಉಗುರುಬೆಚ್ಚಗೆ ಎಂದಾದರೆ ಸುತ್ತು ನಿಂತಿದೆ ಎಂದರ್ಥ. ಒಂದೋ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡಿದೆ, ಇಲ್ಲ ತಾಮ್ರದ ಕೊಳವೆಗಳಲ್ಲಿ ಸುಣ್ಣ ಕಟ್ಟಿದೆ. ಬೋರ್ ನೀರು ಹಾಕುವ ಮನೆಗಳಲ್ಲಿ ಸುಣ್ಣವೇ ಹೆಚ್ಚು. ಕಾವೇರಿ ನೀರಿನ ಮನೆಯಲ್ಲಿ ಹದಿನೈದು ವರ್ಷ ಬಾಳುವ ಪ್ಯಾನೆಲ್ಲು, ಗಡಸು ನೀರಿನ ಮನೆಯಲ್ಲಿ ನಾಲ್ಕೈದು ವರ್ಷಕ್ಕೇ ಆಸಿಡ್ ಹಾಕಿ ತೊಳೆಯುವ ಸ್ಥಿತಿಗೆ ಬರುವುದುಂಟು. ಬೋರನ್ನೇ ನಂಬಿದವರು ಗಾಜಿನ ಕೊಳವೆಯದನ್ನು ತೆಗೆದುಕೊಳ್ಳುವುದು ವಾಸಿ. ಅದರಲ್ಲೂ ಸುಣ್ಣ ಕೂರುತ್ತದೆ, ಆದರೆ ಕೊಳವೆ ಅಗಲ ಇರುವುದರಿಂದ ಬೇಗ ಕಟ್ಟಿಕೊಳ್ಳುವುದಿಲ್ಲ, ಒಂದೊಂದನ್ನೇ ಬಿಚ್ಚಿ ತೊಳೆಯಬಹುದು.

ಪ್ಯಾನೆಲ್ಲೇ ಬಿಸಿಯಾಗಿಲ್ಲ ಎಂದರೆ ನೆರಳು ನೋಡಬೇಕು. ಪ್ಯಾನೆಲ್ ದಕ್ಷಿಣಕ್ಕೆ ಮುಖ ಮಾಡಿ ಸುಮಾರು 25 ಡಿಗ್ರಿ ವಾಲಿರುವುದು ಚಳಿಗಾಲದ ಸೂರ್ಯನಿಗಾಗಿ. ಡಿಸೆಂಬರಿನಲ್ಲಿ ಬೆಂಗಳೂರಿನ ಸೂರ್ಯ ಮಟಮಟ ಮಧ್ಯಾಹ್ನಕ್ಕೂ ದಕ್ಷಿಣಕ್ಕೆ ವಾಲಿಕೊಂಡು 54 ಡಿಗ್ರಿ ಎತ್ತರದಲ್ಲಷ್ಟೇ ಇರುತ್ತಾನೆ. ದಕ್ಷಿಣದ ಪಕ್ಕದ ಮನೆಯವರು ಒಂದು ಮಹಡಿ ಏರಿಸಿದರೆ ಆ ಹತ್ತು ಅಡಿ ಗೋಡೆಯ ನೆರಳು ಮಧ್ಯಾಹ್ನಕ್ಕೇ ಏಳು ಅಡಿ ದಾಟಿ ಬರುತ್ತದೆ. ಬೆಳಗ್ಗೆ ಒಂಬತ್ತಕ್ಕೆ, ಸಂಜೆ ನಾಲ್ಕಕ್ಕೆ ಇನ್ನೂ ಉದ್ದ. ಏಪ್ರಿಲಿನಲ್ಲಿ ಸೂರ್ಯ ನೆತ್ತಿಯ ಮೇಲಿರುವಾಗ ಸೋಲಾರು ಚೆನ್ನಾಗಿ ಕೆಲಸ ಮಾಡಿ, ಬೇಕಾದ ಡಿಸೆಂಬರಿನಲ್ಲಿ ಕೈಕೊಡುವುದಕ್ಕೆ ಎಷ್ಟೋ ಕಡೆ ಕಾರಣ ಇದು.

ಮೋಡದ ವಿಚಾರ ಬಂದಾಗ ಸೋಲಾರಿನ ನಿಜವಾದ ಗುಟ್ಟು ಹೊರಬೀಳುತ್ತದೆ. ಜುಲೈ, ಆಗಸ್ಟಿನ ಜಡಿಮಳೆಯ ದಿನಗಳಲ್ಲಿ, ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದ ವಾರಗಳಲ್ಲಿ ನೀರು 30 ಡಿಗ್ರಿ ದಾಟುವುದೇ ಹೆಚ್ಚು. ದೀಪಾವಳಿ ಬರುವುದೂ ಆ ಹಿಂಗಾರಿನ ನಡುವೆಯೇ. ನೀರು ತುಂಬುವ ಹಬ್ಬದ ಮಾರನೆಯ ಬೆಳಗ್ಗೆ ಮನೆ ಮಂದಿಗೆಲ್ಲ ಎಣ್ಣೆಸ್ನಾನ, ಮೂರು ಪಟ್ಟು ಬಿಸಿನೀರು ಬೇಕು, ಅವತ್ತೇ ತಾರಸಿಯಲ್ಲಿ ಮೋಡ. ಹಳ್ಳಿಯ ಬಚ್ಚಲೊಲೆಗೆ ಇನ್ನೊಂದು ಸೌದೆ ಒಟ್ಟಿದರೆ ಆಗುತ್ತಿತ್ತು. ಸೋಲಾರಿಗೆ ಇದಕ್ಕೆಂದೇ ಟ್ಯಾಂಕಿನೊಳಗೆ ಎರಡು ಕಿಲೋವಾಟಿನ ಕಾಯಿಲ್ ಕೂರಿಸಿರುತ್ತಾರೆ. ಬ್ಯಾಕಪ್ ಎನ್ನುತ್ತಾರೆ. ಬಿಲ್ಲು ಏರುವುದು ಇಲ್ಲಿ.

ಆ ಕಾಯಿಲ್ ನಾಲ್ವರಿಗೆ ಬೇಕಾದಷ್ಟು ನೀರನ್ನು ಮಾತ್ರ ಕಾಯಿಸುವುದಿಲ್ಲ. 200 ಲೀಟರಿನ ಟ್ಯಾಂಕಿನಲ್ಲಿ ನೀರು 30 ಡಿಗ್ರಿ ಇದ್ದಾಗ ಸ್ವಿಚ್ ಹಾಕಿದರೆ ಥರ್ಮೋಸ್ಟಾಟ್ 60 ತಲುಪುವವರೆಗೆ ಬಿಡುವುದಿಲ್ಲ. ಲೆಕ್ಕ ಹಾಕಿ: 200 ಲೀಟರಿಗೆ 30 ಡಿಗ್ರಿ, 6,000 ಕಿಲೋಕ್ಯಾಲರಿ, 7 ಯೂನಿಟ್. ಗೀಸರ್ ಮಾತ್ರ ಇರುವ ಮನೆಯವರಿಗೆ ಇಡೀ ದಿನಕ್ಕೆ ಬೇಕಾಗುವುದು 4 ಯೂನಿಟ್ ಎಂಬುದನ್ನು ನೆನಪಿಡಿ. ಸೋಲಾರ್ ಇದ್ದೂ ಆ ದಿನ ಗೀಸರಿನವರಿಗಿಂತ ಹೆಚ್ಚು ಕರೆಂಟು ಉರಿಸಿದಂತಾಯಿತು. ಉಳಿದ ಬಿಸಿನೀರು ಟ್ಯಾಂಕಿನಲ್ಲೇ ಇರುತ್ತದಲ್ಲ, ನಷ್ಟವೇನು ಅನ್ನಬಹುದು. ನಷ್ಟ ಏನೆಂದರೆ ಆಗಲೇ 60 ಡಿಗ್ರಿ ಇರುವ ಟ್ಯಾಂಕಿಗೆ ಮಧ್ಯಾಹ್ನ ಬಿಸಿಲು ಬಂದರೂ ಹೊಸದಾಗಿ ಸೇರಿಸಲು ಜಾಗವೇ ಇರುವುದಿಲ್ಲ. ಇನ್ನೂ ಕೆಟ್ಟದ್ದು, ಆ ಸ್ವಿಚ್ಚನ್ನು ಜೂನಿನಲ್ಲಿ ಹಾಕಿ ಮರೆತುಬಿಡುವುದು. ಬೆಳಗ್ಗೆ ಸ್ನಾನದ ಹೊತ್ತಿಗೆ ಟ್ಯಾಂಕಿನ ತಳಕ್ಕೆ ತಣ್ಣೀರು ಬರುತ್ತಿದ್ದಂತೆಯೇ ಕಾಯಿಲ್ ಅದನ್ನು ಕಾಯಿಸಿಬಿಡುತ್ತದೆ. ಹತ್ತು ಗಂಟೆಗೆ ಬಿಸಿಲು ಬಂದಾಗ ಸೂರ್ಯನಿಗೆ ಕೆಲಸವೇ ಇಲ್ಲ. ‘ನಮ್ಮ ಸೋಲಾರ್ ಸೂಪರ್, ಮಳೆಗಾಲದಲ್ಲೂ ಬಿಸಿ’ ಎಂದು ಹೇಳುವ ಮನೆಯ ಬಿಲ್ಲನ್ನು ಒಮ್ಮೆ ನೋಡಬೇಕು.

ಇದಕ್ಕೆ ನನಗೆ ಸರಿ ಕಾಣುವ ಪರಿಹಾರ ಒಂದೇ. ಟ್ಯಾಂಕಿನ ಕಾಯಿಲಿಗೆ ವೈರೇ ಎಳೆಸಬೇಡಿ. ಬದಲಿಗೆ ಸೋಲಾರಿನಿಂದ ಬರುವ ಪೈಪನ್ನು ಬಚ್ಚಲಿನ 15 ಇಲ್ಲವೇ 25 ಲೀಟರಿನ ಗೀಸರಿನ ಒಳಹರಿವಿಗೆ ಜೋಡಿಸಿ. ಬಿಸಿಲಿನ ದಿನ 50 ಡಿಗ್ರಿಯ ನೀರು ಗೀಸರಿನ ಮೂಲಕ ಸುಮ್ಮನೆ ಹಾದುಹೋಗುತ್ತದೆ, ಸ್ವಿಚ್ ಮುಟ್ಟುವುದೇ ಬೇಡ. ಮೋಡದ ದಿನ 30 ಡಿಗ್ರಿಯ ನೀರು ಬರುತ್ತದೆ. ಗೀಸರ್ ಅದನ್ನು 55ಕ್ಕೆ ಏರಿಸಿದರೆ ಸಾಕು, ಅದೂ ನೀವು ಬಳಸುವ 87 ಲೀಟರಿಗಷ್ಟೇ. ಎರಡೂವರೆ ಯೂನಿಟ್. ಏಳಕ್ಕೂ ಎರಡೂವರೆಗೂ ಇರುವ ಅಂತರ ಯಾವ ಸ್ಟಾರ್ ಚೀಟಿಯಲ್ಲೂ ಸಿಗುವುದಿಲ್ಲ.

ಹೀಗೆ ಹಾಕಿಸಿದ ಮನೆಗೆ ವರ್ಷದ 8,400ರಲ್ಲಿ ಆರೂವರೆ ಸಾವಿರದವರೆಗೆ ಉಳಿಯಬಹುದು. 200 ಲೀಟರಿನ ಸೋಲಾರಿಗೆ 40 ಸಾವಿರ, ಬಿಸಿನೀರಿನ ಪೈಪಿಗೆ 10 ಸಾವಿರ ಎಂದುಕೊಂಡರೆ ಏಳೆಂಟು ವರ್ಷಕ್ಕೆ ಹಾಕಿದ ದುಡ್ಡು ವಾಪಸ್.

ಹೀಟ್ ಪಂಪು ಹೊಸ ಹೆಸರು, ಒಳಗಿರುವುದು ಹಳೆಯ ಯಂತ್ರ. ಫ್ರಿಜ್ಜಿನ ಹಿಂಭಾಗ ಮುಟ್ಟಿದರೆ ಬೆಚ್ಚಗಿರುತ್ತದಲ್ಲ, ಒಳಗಿನ ತರಕಾರಿಯಿಂದ ತೆಗೆದ ಶಾಖ ಅದು. ಹೀಟ್ ಪಂಪಿನಲ್ಲಿ ಅದೇ ಕಂಪ್ರೆಸರ್, ಅದೇ ಬಗೆಯ ಗ್ಯಾಸು. ತರಕಾರಿಯ ಬದಲು ಹೊರಗಿನ ಗಾಳಿಯಿಂದ ಶಾಖ ತೆಗೆದು, ಟ್ಯಾಂಕಿನ ನೀರಿಗೆ ಕೊಡುತ್ತದೆ. ಕರೆಂಟು ಶಾಖವನ್ನು ಹುಟ್ಟಿಸುವುದಿಲ್ಲ, ಇರುವ ಶಾಖವನ್ನು ಸಾಗಿಸುತ್ತದೆ. ಅದಕ್ಕೇ ಒಂದು ಯೂನಿಟ್ಟಿಗೆ ಮೂರು ಯೂನಿಟ್ಟಿನ ಬಿಸಿ ಸಿಗುವುದು. ಮೋಡ, ಮಳೆ, ರಾತ್ರಿ ಯಾವುದೂ ಅಡ್ಡಿ ಇಲ್ಲ. ಬೆಂಗಳೂರಿನ ಹವೆಯಂತೂ ಅದಕ್ಕೆ ಹೇಳಿ ಮಾಡಿಸಿದ್ದು. ಇಲ್ಲಿ ಗಾಳಿ ಹೆಪ್ಪುಗಟ್ಟುವಷ್ಟು ತಣ್ಣಗಾಗುವುದೇ ಇಲ್ಲ.

ಆ ಮೂರು ಮಾತ್ರ ಎಲ್ಲ ಹೊತ್ತಿಗೂ ಒಂದೇ ಅಲ್ಲ. ಗಾಳಿಗೂ ನೀರಿಗೂ ನಡುವೆ ಏರಬೇಕಾದ ಎತ್ತರ ಹೆಚ್ಚಿದಷ್ಟೂ ಕಂಪ್ರೆಸರ್ ಹೆಚ್ಚು ದುಡಿಯಬೇಕು. ಮಧ್ಯಾಹ್ನ 28 ಡಿಗ್ರಿ ಗಾಳಿಯಿಂದ ನೀರನ್ನು 50ಕ್ಕೆ ಏರಿಸುವಾಗ ಮೂರೂವರೆ ಪಟ್ಟು ಸಿಗುವ ಯಂತ್ರ, ಬೆಳಗಿನ ಜಾವ 16 ಡಿಗ್ರಿ ಗಾಳಿಯಿಂದ 60ಕ್ಕೆ ಏರಿಸುವಾಗ ಎರಡೂವರೆಯ ಹತ್ತಿರ ಇಳಿಯಬಹುದು. ಆದ್ದರಿಂದ ಟೈಮರನ್ನು ಮಧ್ಯಾಹ್ನ ಹನ್ನೆರಡರಿಂದ ಮೂರಕ್ಕೆ, ಥರ್ಮೋಸ್ಟಾಟನ್ನು 50ಕ್ಕೆ ಇಡುವುದು ಜಾಣತನ. ಗೀಸರಿನಂತೆ ಇಪ್ಪತ್ತು ನಿಮಿಷದಲ್ಲಿ ಕಾಯುವ ಯಂತ್ರ ಅಲ್ಲ ಇದು. 200 ಲೀಟರಿಗೆ ಮೂರು ಗಂಟೆ ಹಿಡಿಯುತ್ತದೆ. ಆ ಅವಸರಕ್ಕೆಂದೇ ಇದರೊಳಗೂ ಎಷ್ಟೋ ಮಾಡೆಲುಗಳಲ್ಲಿ ಒಂದು ಕಾಯಿಲ್ ಇಟ್ಟಿರುತ್ತಾರೆ. ರಿಮೋಟಿನಲ್ಲಿ ಬೂಸ್ಟ್ ಒತ್ತಿ ಹಾಗೇ ಬಿಟ್ಟರೆ ಒಂದು ಲಕ್ಷ ಕೊಟ್ಟು ತಂದದ್ದು ದೊಡ್ಡ ಗೀಸರಾಗಿಬಿಡುತ್ತದೆ. ಸೋಲಾರಿನ ಮನೆಯ ರೋಗವೇ ಇಲ್ಲಿಗೂ ಬಂದಂತೆ.

ಯಂತ್ರವನ್ನು ಎಲ್ಲಿಡುತ್ತೀರಿ ಎಂಬುದು ಮುಖ್ಯ. ಶಾಖ ಕೊಟ್ಟ ಗಾಳಿ ತಣ್ಣಗಾಗಿ ಹೊರಬರುತ್ತದೆ. ಕಿಟಕಿ ಮುಚ್ಚಿದ ಯುಟಿಲಿಟಿಯಲ್ಲಿ ಇಟ್ಟರೆ ಆ ತಣ್ಣನೆ ಗಾಳಿಯನ್ನೇ ಮತ್ತೆ ಎಳೆದುಕೊಂಡು ಏದುಸಿರು ಬಿಡುತ್ತದೆ. ತೆರೆದ ಜಾಗ ಬೇಕು, ತೊಟ್ಟಿಕ್ಕುವ ನೀರಿಗೆ ಪೈಪು ಬೇಕು, ಫ್ಯಾನಿನ ಸದ್ದು ಮಲಗುವ ಕೋಣೆಗೆ ಕೇಳದಂತಿರಬೇಕು. ಕಾಯಲು ದಿನೇದಿನೇ ಹೆಚ್ಚು ಹೊತ್ತು ಹಿಡಿಯುತ್ತಿದ್ದು, ಹೊರಬರುವ ಗಾಳಿಯೂ ತಣ್ಣಗಿಲ್ಲ ಎಂದರೆ ಗ್ಯಾಸ್ ಸೋರಿರಬೇಕು.

ದುಡ್ಡಿನ ಲೆಕ್ಕದಲ್ಲಿ ನಮ್ಮ ನಾಲ್ವರ ಮನೆಗೆ ಹೀಟ್ ಪಂಪು ಗೆಲ್ಲುವುದಿಲ್ಲ. 1,200 ಯೂನಿಟ್ 400ಕ್ಕೆ ಇಳಿಯುತ್ತದೆ, ವರ್ಷಕ್ಕೆ 5,600 ರೂಪಾಯಿ ಉಳಿಯುತ್ತದೆ. ಗೀಸರಿಗಿಂತ ಅದಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಕೊಡಬೇಕು. ಹಾಕಿದ್ದು ವಾಪಸ್ ಬರಲು ಇಪ್ಪತ್ತು ವರ್ಷ. ಅಷ್ಟು ವರ್ಷ ಆ ಯಂತ್ರವೇ ಬಾಳುವುದು ಅನುಮಾನ. ಅದೇ 40 ಜನರಿರುವ ಪಿಜಿಯನ್ನು ನೋಡಿ. ದಿನಕ್ಕೆ 40 ಯೂನಿಟ್ಟಿನ ಬಿಸಿ ಬೇಕು, ಕರೆಂಟು ಹೋಗುವುದು 13 ಯೂನಿಟ್. ದಿನಕ್ಕೆ 27 ಯೂನಿಟ್ ಉಳಿದರೆ ವರ್ಷಕ್ಕೆ 69 ಸಾವಿರ ರೂಪಾಯಿ. ನಾಲ್ಕೈದು ಮಹಡಿಯ ಪಿಜಿಯ ತಾರಸಿಯಲ್ಲಿ ಬಟ್ಟೆ ಒಣಹಾಕಲು, ನೀರಿನ ಟ್ಯಾಂಕಿಗೆ, ಮೊಬೈಲ್ ಟವರಿಗೆ ಜಾಗ ಕೊಟ್ಟ ಮೇಲೆ 40 ಜನಕ್ಕಾಗುವಷ್ಟು ಸೋಲಾರ್ ಪ್ಯಾನೆಲ್ ಎಲ್ಲಿ ಹಾಕುವುದು? ಹೀಟ್ ಪಂಪಿಗೆ ಒಂದು ಮೂಲೆ ಸಾಕು. ಹಾಸ್ಟೆಲು, ಲಾಡ್ಜು, ನರ್ಸಿಂಗ್ ಹೋಮು, ಹತ್ತು ಹನ್ನೆರಡು ಜನರ ಕೂಡುಕುಟುಂಬ, ಇಂಥಲ್ಲಿ ಅದರ ಜಾಗ. ದಕ್ಷಿಣಕ್ಕೆ ಎತ್ತರದ ಕಟ್ಟಡ ಎದ್ದು ಬಿಸಿಲೇ ಸತ್ತುಹೋದ ತಾರಸಿಯವರೂ ಯೋಚಿಸಬಹುದು, ಆದರೆ ಉಳಿತಾಯಕ್ಕೆಂದಲ್ಲ, ಅನುಕೂಲಕ್ಕೆಂದು.

ಕರೆಂಟು ತಯಾರಿಸುವ ಸೋಲಾರ್ ಪ್ಯಾನೆಲ್ಲನ್ನೂ ತಾರಸಿಗೆ ಹಾಕಿಸುವವರ ಮಾತು ಬೇರೆಯಾಗುತ್ತದೆ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 2 ಕಿಲೋವಾಟಿಗೆ 60 ಸಾವಿರ, 3 ಕಿಲೋವಾಟಿಗೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ನೀರು ಕಾಯಿಸುವ ಪ್ಯಾನೆಲ್ಲು ಏಪ್ರಿಲಿನಲ್ಲಿ ಬೇಡದಿದ್ದರೂ ನೀರನ್ನೇ ಕಾಯಿಸುತ್ತದೆ. ಕರೆಂಟಿನ ಪ್ಯಾನೆಲ್ಲು ಹೆಚ್ಚಾದದ್ದನ್ನು ಗ್ರಿಡ್ಡಿಗೆ ಕಳಿಸುತ್ತದೆ. ಅಂಥ ಮನೆಯವರು ಬಿಸಿಲಿರುವ ಜಾಗವನ್ನೆಲ್ಲ ಕರೆಂಟಿನ ಪ್ಯಾನೆಲ್ಲಿಗೆ ಕೊಟ್ಟು, ಬಚ್ಚಲಿನಲ್ಲಿ ಸಾದಾ ಗೀಸರ್ ಇಟ್ಟುಕೊಂಡರೂ ಅದು ದಡ್ಡತನವಲ್ಲ.

ಬಾಡಿಗೆ ಮನೆಯವರಿಗೆ ಇಷ್ಟೆಲ್ಲ ಯೋಚನೆ ಬೇಡ, 15 ಲೀಟರ್ ಗೀಸರ್, ಥರ್ಮೋಸ್ಟಾಟ್ 50ಕ್ಕೆ. ಬೋರ್ ನೀರಿದ್ದರೆ 70ಕ್ಕೆ ಇಡುವುದರಿಂದ ಕಾಯಿಲಿಗೆ ಸುಣ್ಣ ಬೇಗ ಕಟ್ಟಿ ಪಟಪಟ ಸದ್ದು ಶುರುವಾಗುತ್ತದೆ, ಆಮೇಲೆ ಕಾಯಿಲ್ ಸುಡುತ್ತದೆ.

ಮನೆ ಕಟ್ಟಿಸುತ್ತಿರುವವರು ಮಾತ್ರ ಪ್ಲಂಬರಿಗೆ ಈಗಲೇ ಹೇಳಬೇಕಾದದ್ದು ಇಷ್ಟು. ಓವರ್‌ಹೆಡ್ ಟ್ಯಾಂಕು ತಾರಸಿಯಿಂದ ಏಳೆಂಟು ಅಡಿ ಎತ್ತರದಲ್ಲಿರಲಿ, ಇಲ್ಲದಿದ್ದರೆ ಸೋಲಾರ್ ಟ್ಯಾಂಕಿಗೆ ನೀರು ಸರಿಯಾಗಿ ತುಂಬುವುದಿಲ್ಲ. ಬಿಸಿನೀರಿನ ಪೈಪು ಆದಷ್ಟು ನೇರವಾಗಿ, ಮುಕ್ಕಾಲು ಇಂಚಿನದೇ, ಹೊದಿಕೆ ಸಮೇತ ಬರಲಿ. ಗೀಸರಿನ ಒಳಹರಿವಿಗೆ ಸೋಲಾರ್ ಲೈನು, ತಣ್ಣೀರಿನ ಲೈನು ಎರಡನ್ನೂ ತಂದು ಒಂದೊಂದಕ್ಕೆ ವಾಲ್ವು, ಎನ್‌ಆರ್‌ವಿ ಹಾಕಿಸಿ. ಸೋಲಾರ್ ರಿಪೇರಿಗೆ ನಿಂತ ದಿನ ಒಂದು ವಾಲ್ವು ಮುಚ್ಚಿ ಇನ್ನೊಂದು ತೆರೆದರೆ ಸ್ನಾನ ನಿಲ್ಲುವುದಿಲ್ಲ. ಎರಡೂ ಪೈಪು ಬಿಸಿನೀರು ತಾಳುವ ಸಿಪಿವಿಸಿ ಆಗಿರಲಿ. ಟೈಲ್ಸ್ ಹಾಕುವ ಮುಂಚೆ ಆ ಗೋಡೆಯ ಪಕ್ಕದಲ್ಲಿ ಟೇಪು ಹಿಡಿದು ಒಂದು ಫೋಟೊ ತೆಗೆದಿಡಿ. ಹತ್ತು ವರ್ಷದ ಮೇಲೆ ಬೇರೆ ಪ್ಲಂಬರ್ ಬಂದಾಗ ಯಾವ ಪೈಪು ಎಲ್ಲಿ ಹೋಗಿದೆ ಎಂದು ಗೋಡೆ ಒಡೆದು ನೋಡಬೇಕಾಗುವುದಿಲ್ಲ.